ಡಿಸೆಂಬರ್‌ನ ನೋವು ಮಾರ್ಚ್‌ನಲ್ಲಿ ಇಳಿದರೆ ಅದು ಪುಡಿಯಿಂದಲೇ ಇಳಿದದ್ದಾ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 61 ವರ್ಷ. ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಎರಡೂ ಮೊಣಕಾಲು ಸವೆದಿದೆ ಅಂತ ಎಕ್ಸ್‌ರೇ ನೋಡಿ ಹೇಳಿದ್ದಾರೆ. ಬೆಂಗಳೂರಿಂದ ನಾನು ಡಿಸೆಂಬರ್‌ನಲ್ಲಿ ಗ್ಲುಕೋಸಮೈನ್ ಮಾತ್ರೆ, ಕೊಲಾಜೆನ್ ಪುಡಿ, ಅರಿಶಿನದ ಕ್ಯಾಪ್ಸೂಲ್ ಮೂರನ್ನೂ ಕಳಿಸಿದೆ. ಈಗ ಮಾರ್ಚ್. ನೋವು ಕಡಿಮೆಯಾಗಿದೆ ಅಂತಾಳೆ. ಅಪ್ಪ ಮಾತ್ರ ಸುಮ್ನೆ ದುಡ್ಡು ದಂಡ ಅಂತಾರೆ. ಮುಂದುವರಿಸಬಹುದಾ? ನಾವು ಸಸ್ಯಾಹಾರಿಗಳು, ಅದಕ್ಕೇನಾದರೂ ತೊಂದರೆ ಇದೆಯಾ? ಅಮ್ಮನಿಗೆ ಬಿಪಿ ಮಾತ್ರೆ ಬಿಟ್ಟರೆ ಬೇರೆ ಔಷಧ ಇಲ್ಲ.

ಉತ್ತರ: ನನ್ನ ಅಮ್ಮನಾಗಿದ್ದರೆ ನಾನು ಮೂರನ್ನೂ ಇವತ್ತೇ ನಿಲ್ಲಿಸುತ್ತಿದ್ದೆ. ಒಂದು ತಿಂಗಳು ಬಿಟ್ಟು, ಬೇಕೆನಿಸಿದರೆ ಒಂದನ್ನು ಮಾತ್ರ ಮತ್ತೆ ಶುರು ಮಾಡುತ್ತಿದ್ದೆ. ಅದು ಯಾವುದು, ಹೇಗೆ ಅಂತ ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ನಿಮ್ಮ ಪತ್ರದಲ್ಲಿರುವ ಎರಡು ತಿಂಗಳ ಹೆಸರುಗಳನ್ನು ನೋಡಿ. ಡಿಸೆಂಬರ್, ಮಾರ್ಚ್.

ಡಿಸೆಂಬರ್ ಅಂದರೆ ನಿಮ್ಮ ಕಡೆ ಕೊನೆಕೊಯ್ಲು. ಹಗಲೆಲ್ಲ ತೋಟಕ್ಕೆ ಇಳಿಯುವುದು, ಹತ್ತುವುದು. ಸಂಜೆಯಾದ ಮೇಲೆ ಮೆಟ್ಟುಗತ್ತಿಯ ಮುಂದೆ ಕಾಲು ಮಡಚಿ ಕೂತು ರಾತ್ರಿವರೆಗೆ ಅಡಿಕೆ ಸುಲಿಯುವುದು. ಸವೆದ ಮೊಣಕಾಲಿಗೆ ಇಡೀ ವರ್ಷದಲ್ಲಿ ಅದಕ್ಕಿಂತ ಕಷ್ಟದ ದಿನಗಳಿಲ್ಲ. ಮಾರ್ಚ್ ಹೊತ್ತಿಗೆ ಸುಲಿತ ಮುಗಿದಿರುತ್ತದೆ. ಅಂಗಳದ ಅಡಿಕೆಯೂ ಒಣಗಿ ಒಳಗೆ ಹೋಗಿರುತ್ತದೆ. ಆಗ ನೋವು ಇಳಿಯುತ್ತದೆ. ಏನನ್ನೂ ತಿನ್ನದಿದ್ದರೂ ಇಳಿಯುತ್ತದೆ. ನಾವು ಔಷಧ ಹುಡುಕುವುದು ನೋವು ತುದಿಗೆ ಮುಟ್ಟಿದಾಗ. ತುದಿ ಮುಟ್ಟಿದ ನೋವು ತಾನಾಗಿಯೇ ಸ್ವಲ್ಪ ಕೆಳಗೆ ಬರುವುದು ಸವಕಳಿಯ ಸ್ವಭಾವ. ಆ ಹೊತ್ತಿಗೆ ಕೈಯಲ್ಲಿ ಯಾವ ಡಬ್ಬಿ ಇರುತ್ತದೋ ಅದಕ್ಕೆ ಹೆಸರು ಬರುತ್ತದೆ.

ಇದು ನನ್ನ ಊಹೆ ಅಲ್ಲ. ಅಮೆರಿಕದಲ್ಲಿ ಸರ್ಕಾರದ ದುಡ್ಡಿನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಫಲಿತಾಂಶ 2006ರಲ್ಲಿ ಬಂತು. ಮೊಣಕಾಲು ಸವೆದ 1583 ಜನರನ್ನು ಐದು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಗ್ಲುಕೋಸಮೈನ್. ಒಂದಕ್ಕೆ ಕಾಂಡ್ರಾಯ್ಟಿನ್ ಅನ್ನುವ ಇನ್ನೊಂದು ಕೀಲಿನ ಪೂರಕ, ಒಂದಕ್ಕೆ ಎರಡೂ ಸೇರಿಸಿ, ಒಂದಕ್ಕೆ ಸೆಲೆಕಾಕ್ಸಿಬ್ ಅನ್ನುವ ನೋವಿನ ಮಾತ್ರೆ. ಐದನೆಯ ಗುಂಪಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಕೊಡುವ ವೈದ್ಯರಿಗೂ ಗೊತ್ತಿಲ್ಲ. 24 ವಾರ ಆದ ಮೇಲೆ, ನೋವು ಶೇಕಡಾ 20ರಷ್ಟಾದರೂ ಇಳಿದವರು ಎಷ್ಟು ಅಂತ ಲೆಕ್ಕ ಹಾಕಿದರು.

ಹುಸಿ ಮಾತ್ರೆ ತಿಂದವರಲ್ಲಿ 100ಕ್ಕೆ 60 ಜನರಿಗೆ ನೋವು ಇಳಿದಿತ್ತು. ಗ್ಲುಕೋಸಮೈನ್ ತಿಂದವರಲ್ಲಿ 64. ಈ ನಾಲ್ಕರ ವ್ಯತ್ಯಾಸ ಸುಮ್ಮನೆ ಅದೃಷ್ಟದಿಂದಲೂ ಬರಬಹುದಾದಷ್ಟು ಸಣ್ಣದು. ಸೆಲೆಕಾಕ್ಸಿಬ್ ತಿಂದವರಲ್ಲಿ 70.

ಆ 60 ಅನ್ನುವ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಮ್ಮ ಅಮ್ಮ ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿ ಕಡಿಮೆಯಾಗಿದೆ. ಆದರೆ ಮಗ ಕಳಿಸಿದ ಖಾಲಿ ಮಾತ್ರೆ ತಿಂದಿದ್ದರೂ ಕಡಿಮೆಯಾಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇತ್ತು.

ಅಂಗಡಿಯವರು ಇದೇ ಪರೀಕ್ಷೆಯ ಇನ್ನೊಂದು ತುಣುಕನ್ನು ತೋರಿಸುತ್ತಾರೆ. ಅದನ್ನೂ ಹೇಳಿಬಿಡುತ್ತೇನೆ. ನೋವು ಜಾಸ್ತಿ ಇದ್ದ ಒಂದು ಸಣ್ಣ ಗುಂಪಿನಲ್ಲಿ, ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಎರಡನ್ನೂ ತಿಂದವರು ಹುಸಿ ಮಾತ್ರೆಯವರಿಗಿಂತ ಎಷ್ಟೋ ಚೆನ್ನಾಗಿದ್ದರು. ಇದು ಸುಳ್ಳಲ್ಲ. ಆದರೆ ಅದೇ ತಂಡ ರೋಗಿಗಳನ್ನು ಎರಡು ವರ್ಷ ನೋಡಿ 2010ರಲ್ಲಿ ವರದಿ ಕೊಟ್ಟಾಗ, ಹೇಳಿಕೊಳ್ಳುವಂಥ ಲಾಭ ಯಾವ ಗುಂಪಿನಲ್ಲೂ ಉಳಿದಿರಲಿಲ್ಲ. ಒಂದು ತುಣುಕಿನಲ್ಲಿ ಹೊಳೆದದ್ದು ಇಡೀ ಲೆಕ್ಕದಲ್ಲಿ ನಿಲ್ಲದಿದ್ದರೆ ನಾನು ಅದನ್ನು ನಂಬುವುದಿಲ್ಲ.

ಅದೇ 2010ರಲ್ಲಿ ಇಂಥ 10 ಪರೀಕ್ಷೆಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. 3800ಕ್ಕೂ ಹೆಚ್ಚು ರೋಗಿಗಳು. ಇಲ್ಲಿ ನೋವನ್ನು ಅಳೆಯುವ ರೀತಿ ಸರಳ. 10 ಸೆಂಟಿಮೀಟರ್ ಉದ್ದದ ಗೆರೆ. ಒಂದು ತುದಿ ನೋವೇ ಇಲ್ಲ, ಇನ್ನೊಂದು ತುದಿ ತಡೆಯಲಾರದ ನೋವು. ರೋಗಿ ಅದರ ಮೇಲೆ ಗುರುತು ಹಾಕಬೇಕು. ಆ ಗುರುತು ಸುಮಾರು 9 ಮಿಲಿಮೀಟರ್ ಕೆಳಗೆ ಜರುಗಿದರೆ ಮಾತ್ರ ದಿನದ ಕೆಲಸದಲ್ಲಿ ಗೊತ್ತಾಗುವಷ್ಟು ಫರಕು ಆಯಿತು ಅಂತ ಅವರು ಮೊದಲೇ ಗಡಿ ಹಾಕಿಕೊಂಡಿದ್ದರು. ಹುಸಿ ಮಾತ್ರೆಗಿಂತ ಗ್ಲುಕೋಸಮೈನ್ ಹೆಚ್ಚಿಗೆ ಜರುಗಿಸಿದ್ದು 4 ಮಿಲಿಮೀಟರ್. ನಿಮ್ಮ ಹತ್ತಿರ ಸ್ಕೇಲ್ ಇದ್ದರೆ 4 ಮಿಲಿಮೀಟರ್ ಅಂದರೆ ಎಷ್ಟು ಅಂತ ಒಮ್ಮೆ ನೋಡಿ. ತಯಾರಕರ ದುಡ್ಡಿಲ್ಲದೆ ನಡೆದ ಪರೀಕ್ಷೆಗಳಲ್ಲಿ ಅದು ಇನ್ನೂ ಸಣ್ಣದು.

ಗ್ಲುಕೋಸಮೈನ್‌ನಲ್ಲಿ ಎರಡು ಬಗೆ ಇದೆ, ಸಲ್ಫೇಟ್ ಮತ್ತು ಹೈಡ್ರೋಕ್ಲೋರೈಡ್. ಯುರೋಪಿನ ಒಂದು ಕಂಪನಿ ತಯಾರಿಸುವ ಹರಳು ರೂಪದ ಸಲ್ಫೇಟ್‌ನಲ್ಲಿ, ಮೂರು ವರ್ಷ ನಡೆದ ಪರೀಕ್ಷೆಗಳಲ್ಲಿ, ಒಳ್ಳೆಯ ಫಲಿತಾಂಶ ಬಂದದ್ದು ಹೌದು. ಅಲ್ಲಿನ ಕೆಲವು ತಜ್ಞರು ಈಗಲೂ ಅದನ್ನು ಬರೆದುಕೊಡುತ್ತಾರೆ. ಅಮೆರಿಕದ ಸಂಧಿರೋಗ ತಜ್ಞರ ಸಂಘ 2019ರಲ್ಲಿ ಎಲ್ಲವನ್ನೂ ತೂಗಿ ನೋಡಿ, ಮೊಣಕಾಲಿಗೆ ಯಾವ ಬಗೆಯ ಗ್ಲುಕೋಸಮೈನ್ ಕೂಡ ಬೇಡ ಎಂದು ಖಡಾಖಂಡಿತವಾಗಿ ಹೇಳಿತು. ನನ್ನ ಅನುಭವವೂ ಅದೇ ಕಡೆ ಇದೆ.

ಇನ್ನು ನಿಮ್ಮ ಸಸ್ಯಾಹಾರದ ಪ್ರಶ್ನೆ. ಇದನ್ನು ನನ್ನ ಹತ್ತಿರ ಬರುವ ಶಿರಸಿ, ಸಿದ್ದಾಪುರ ಕಡೆಯ ಎಷ್ಟೋ ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಅದು ನನಗೆ ಬೇಸರ ತರುವ ವಿಷಯ. ಪೇಟೆಯ ಗ್ಲುಕೋಸಮೈನ್ ಬಹುಪಾಲು ಬರುವುದು ಸೀಗಡಿ ಮತ್ತು ಏಡಿಯ ಚಿಪ್ಪಿನಿಂದ. ಕಾರವಾರದ ಮೀನುಪೇಟೆಯಲ್ಲಿ ಶೆಟ್ಲಿ ಸುಲಿದು ಬದಿಗೆ ಎಸೆಯುತ್ತಾರಲ್ಲ, ಆ ಥರದ ಸಿಪ್ಪೆಯೇ ಇದರ ಕಚ್ಚಾ ವಸ್ತು. ಜೋಳದಿಂದ, ಹುದುಗು ಬರಿಸಿ ಮಾಡುವ ಗ್ಲುಕೋಸಮೈನ್ ಕೂಡ ಇದೆ, ಆದರೆ ಹಾಗೆಂದು ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ ನಂಬಿ.

ಕೊಲಾಜೆನ್ ಅಂತೂ ಪೂರ್ತಿ ಪ್ರಾಣಿಯದು. ದನದ ಚರ್ಮ, ಹಂದಿಯ ಚರ್ಮ, ಮೀನಿನ ಚರ್ಮ ಮತ್ತು ಹುರುಪೆ, ಇವುಗಳಿಂದ ತೆಗೆಯುತ್ತಾರೆ. ಗಿಡಗಳಲ್ಲಿ ಕೊಲಾಜೆನ್ ಇಲ್ಲವೇ ಇಲ್ಲ. 'ಸಸ್ಯ ಕೊಲಾಜೆನ್' ಅಂತ ಮಾರುವುದರಲ್ಲಿ ವಿಟಮಿನ್ ಸಿ, ಕೆಲವು ಅಮೈನೋ ಆಮ್ಲ ಇರುತ್ತವೆ, ಕೊಲಾಜೆನ್ ಇರುವುದಿಲ್ಲ. ಆಹಾರ ಪೂರಕ ಅಂತ ಮಾರುವ ಡಬ್ಬಿಯ ಮೇಲೆ ಮಾಂಸಾಹಾರದ ಕಂದು ಗುರುತು ಇರುತ್ತದೆ, ಹುಡುಕಿ. ಔಷಧ ಲೈಸೆನ್ಸಿನ ಮೇಲೆ ಬರುವ ಮಾತ್ರೆಗಳಿಗೆ ಆ ಗುರುತಿನ ಕಡ್ಡಾಯ ಇಲ್ಲ. ಅಂಥದ್ದಕ್ಕೆ ಔಷಧ ಅಂಗಡಿಯವರನ್ನೇ ಕೇಳಬೇಕು. ಅರಿಶಿನದ ಕ್ಯಾಪ್ಸೂಲಿನ ಒಳಗಿನದು ಸಸ್ಯವಾದರೂ ಹೊರಗಿನ ಕವಚ ಜೆಲಟಿನ್ ಆಗಿದ್ದರೆ ಅದೂ ಪ್ರಾಣಿಯದೇ. ತಿನ್ನಬೇಕೋ ಬೇಡವೋ ನಿಮ್ಮ ಅಮ್ಮನಿಗೆ ಬಿಟ್ಟದ್ದು. ಆದರೆ ಗೊತ್ತಿದ್ದು ತಿನ್ನಬೇಕು. ಅವರಿಗೆ ಹೇಳದೆ ಮುಂದುವರಿಸಬೇಡಿ.

ಕೊಲಾಜೆನ್ ಕೆಲಸ ಮಾಡುತ್ತದಾ? ಎಲುಬಿನ ತುದಿಯ ನುಣುಪು ಪದರದಲ್ಲಿ ಕೊಲಾಜೆನ್ ಇದೆ, ಆದ್ದರಿಂದ ಕೊಲಾಜೆನ್ ತಿಂದರೆ ಅಲ್ಲಿಗೆ ಹೋಗಿ ಕೂರುತ್ತದೆ ಅನ್ನುವ ಮಾತು ಕೇಳಲು ಚೆನ್ನಾಗಿದೆ. ಹೊಟ್ಟೆ ಹಾಗೆ ನೋಡುವುದಿಲ್ಲ. ತೊಗರಿಬೇಳೆಯ ಪ್ರೊಟೀನನ್ನು ಒಡೆಯುವ ಹಾಗೆಯೇ ಇದನ್ನೂ ಒಡೆಯುತ್ತದೆ. ಕೆಲವು ಸಣ್ಣ ತುಣುಕುಗಳು ಒಡೆಯದೆ ರಕ್ತಕ್ಕೆ ಸೇರುವುದು ನಿಜ, ಅದನ್ನು ಅಳೆದು ತೋರಿಸಿದ್ದಾರೆ. ರಕ್ತಕ್ಕೆ ಸೇರಿದ್ದು ಮೊಣಕಾಲಿನಲ್ಲಿ ಹೊಸ ಪದರ ಕಟ್ಟುತ್ತದೆ ಅನ್ನುವುದು ಬೇರೆಯೇ ಮಾತು. ಅದನ್ನು ಯಾರೂ ತೋರಿಸಿಲ್ಲ. ನೋವು ಸ್ವಲ್ಪ ಇಳಿಯಿತು ಅನ್ನುವ ಪರೀಕ್ಷೆಗಳು ಇವೆ. ದಿನಕ್ಕೆ 10 ಗ್ರಾಂ ಪುಡಿ, ಕೆಲವು ತಿಂಗಳು. ಆದರೆ ಹೆಚ್ಚಿನವು ಸಣ್ಣವು, ಹಲವಕ್ಕೆ ಮಾರುವ ಕಂಪನಿಯದೇ ದುಡ್ಡು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2011ರಲ್ಲಿ ಇವುಗಳನ್ನು ಪರಿಶೀಲಿಸಿ, ಕೊಲಾಜೆನ್ ಪುಡಿಗೂ ಕೀಲಿನ ಆರೋಗ್ಯಕ್ಕೂ ಸಂಬಂಧ ಸಾಬೀತಾಗಿಲ್ಲ ಎಂದಿತು. ಪ್ರೊಟೀನಿಗಾಗಿ ಕೊಡುತ್ತೇನೆ ಅಂದರೂ ಇದು ಒಳ್ಳೆಯ ಪ್ರೊಟೀನ್ ಅಲ್ಲ. ದೇಹಕ್ಕೆ ಬೇಕೇ ಬೇಕಾದ ಟ್ರಿಪ್ಟೋಫ್ಯಾನ್ ಇದರಲ್ಲಿ ಇಲ್ಲ. ಒಂದು ಬಟ್ಟಲು ಹೆಸರುಕಾಳು, ಒಂದು ಲೋಟ ಹಾಲು ಇದಕ್ಕಿಂತ ಮೇಲು.

ಅರಿಶಿನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೂರರಲ್ಲಿ ಸ್ವಲ್ಪವಾದರೂ ಭರವಸೆ ಇರುವುದು ಇದರಲ್ಲಿ, ಅಪಾಯ ಇರುವುದೂ ಇದರಲ್ಲೇ.

ಅಡುಗೆಯ ಅರಿಶಿನ ಬೇರೆ, ಕ್ಯಾಪ್ಸೂಲಿನ ಅರಿಶಿನ ಬೇರೆ. ಅರಿಶಿನದ ಮುಖ್ಯ ಸತ್ವ ಕರ್ಕ್ಯುಮಿನ್, ಅದು ಇರುವುದು 100 ಗ್ರಾಂಗೆ ಸುಮಾರು 3 ಗ್ರಾಂ ಮಾತ್ರ. ಒಂದು ಟೀ ಚಮಚ ಅರಿಶಿನ ಅಂದರೆ 3 ಗ್ರಾಂ ಅಂದುಕೊಳ್ಳಿ, ಅದರಲ್ಲಿ ಕರ್ಕ್ಯುಮಿನ್ 90 ಮಿಲಿಗ್ರಾಂ. ಪರೀಕ್ಷೆಗಳಲ್ಲಿ ಕೊಟ್ಟದ್ದು ದಿನಕ್ಕೆ 1000ದಿಂದ 1500 ಮಿಲಿಗ್ರಾಂ ಸಾರ. ರಾತ್ರಿಯ ಅರಿಶಿನ ಹಾಲು, ಸಾರಿನ ಚಿಟಿಕೆ ಅರಿಶಿನ, ನಾಗರಪಂಚಮಿಯ ಅರಿಶಿನ ಎಲೆಯ ಕಡುಬು, ಇವೆಲ್ಲ ಊಟ. ಔಷಧ ಅಂತ ಲೆಕ್ಕಕ್ಕೆ ಬರುವುದಿಲ್ಲ, ಹೆದರುವಂಥದ್ದೂ ಅಲ್ಲ.

ಸಾರ ಕೊಟ್ಟಾಗ ಏನಾಯಿತು? ಥಾಯ್ಲೆಂಡಿನಲ್ಲಿ 367 ಜನರ ಮೇಲೆ ನಾಲ್ಕು ವಾರ ನೋಡಿದರು. 2014ರಲ್ಲಿ ಬಂದ ವರದಿ. ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರ, 1200 ಮಿಲಿಗ್ರಾಂ ಐಬುಪ್ರೊಫೇನ್‌ಗೆ ಹೆಚ್ಚುಕಡಿಮೆ ಸಮ ಬಂತು. ಹೊಟ್ಟೆಯ ತೊಂದರೆ ಕಡಿಮೆ ಇತ್ತು. ಆದರೆ ಅಲ್ಲಿ ಹುಸಿ ಮಾತ್ರೆಯ ಗುಂಪು ಇರಲಿಲ್ಲ. ಆ 60 ಜನರನ್ನು ನೆನಪಿಸಿಕೊಳ್ಳಿ, ಅದು ಯಾಕೆ ಮುಖ್ಯ ಅಂತ ಗೊತ್ತಾಗುತ್ತದೆ. ಆಸ್ಟ್ರೇಲಿಯಾದವರು 2020ರಲ್ಲಿ ಹುಸಿ ಮಾತ್ರೆ ಇಟ್ಟುಕೊಂಡೇ ನೋಡಿದರು. ಮೊಣಕಾಲಿನಲ್ಲಿ ನೀರು ತುಂಬಿದ್ದ 70 ಜನ, 12 ವಾರ. ಅದೇ ನೋವಿನ ಗೆರೆಯ ಮೇಲೆ ಅರಿಶಿನದವರು 9 ಮಿಲಿಮೀಟರ್ ಹೆಚ್ಚು ಕೆಳಗೆ ಬಂದರು. ಅಂದರೆ ಗೊತ್ತಾಗುವ ಗಡಿಯ ಮೇಲೆ ಆಗಷ್ಟೇ ಕಾಲಿಟ್ಟ ಹಾಗೆ. ಎಂಆರ್‌ಐಯಲ್ಲಿ ನೋಡಿದರೆ ಒಳಗಿನ ನೀರು, ಊತ ಇಳಿದಿರಲಿಲ್ಲ. ಹಾಗಾಗಿ ಅರಿಶಿನದ ಸಾರ ನೋವನ್ನು ಸ್ವಲ್ಪ ತಗ್ಗಿಸಬಹುದು. ಸವೆತ ನಿಲ್ಲಿಸುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಅಪಾಯ ಎಲ್ಲಿ ಅಂದರೆ, ಕರ್ಕ್ಯುಮಿನ್ ಹೊಟ್ಟೆಯಿಂದ ರಕ್ತಕ್ಕೆ ಸುಲಭವಾಗಿ ಹೋಗುವುದಿಲ್ಲ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ ಒಂದು ವಿಷಯ ತೋರಿಸಿದರು. ಕರಿಮೆಣಸಿನ ಖಾರದ ಸತ್ವ ಪೈಪರಿನ್ ಬರೀ 20 ಮಿಲಿಗ್ರಾಂ ಜೊತೆಗೆ ಕೊಟ್ಟರೆ, ಮನುಷ್ಯರಲ್ಲಿ ಕರ್ಕ್ಯುಮಿನ್ ರಕ್ತ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರುತ್ತದೆ. ಆಮೇಲೆ ಎಷ್ಟೋ ಕಂಪನಿಗಳು ಪೈಪರಿನ್ ಸೇರಿಸಲು ಶುರು ಮಾಡಿದವು. ಪೈಪರಿನ್ ಇದನ್ನು ಮಾಡುವುದು ಕರುಳು ಮತ್ತು ಯಕೃತ್ತು ಹೊರಗಿನ ವಸ್ತುವನ್ನು ಒಡೆದು ಹಾಕುವ ಕೆಲಸವನ್ನು ತಡೆದು. ಯಕೃತ್ತಿಗೆ ಒಮ್ಮೆಲೇ ಜಾಸ್ತಿ ಹೊರೆ ಬೀಳುತ್ತದೆ, ಜೊತೆಗೆ ಬೇರೆ ಔಷಧಗಳ ಮಟ್ಟವೂ ಏರಬಹುದು.

ಮೂರು ವರ್ಷದ ಹಿಂದೆ ಅಂಕೋಲಾ ಕಡೆಯ ಒಬ್ಬ ಅಕ್ಕ ನನ್ನ ಹತ್ತಿರ ಬಂದರು. ಐವತ್ತರ ಮೇಲೆ ವಯಸ್ಸು. ಬಂದದ್ದು ಮೊಣಕಾಲಿಗೆ. ಕೂತು ಮಾತಾಡುವಾಗ ಕಿಟಕಿಯ ಬೆಳಕು ಮುಖಕ್ಕೆ ಬಿತ್ತು, ಕಣ್ಣಿನ ಬಿಳಿ ಹಳದಿಯಾಗಿತ್ತು. ಕೇಳಿದರೆ, ಹತ್ತು ದಿನದಿಂದ ಊಟ ಸೇರುತ್ತಿಲ್ಲ, ಮೂತ್ರ ಕಡು ಚಹಾದ ಬಣ್ಣ, ರಾತ್ರಿ ಮೈ ತುರಿಕೆ. ಕಾಮಾಲೆ ಅಂತ ಊರಿನ ಬೇರಿನ ಔಷಧ ಶುರು ಮಾಡಿಕೊಂಡಿದ್ದರು. ಯಾವ ಮಾತ್ರೆ ತಿನ್ನುತ್ತೀರಿ ಅಂದರೆ "ಯಾವುದೂ ಇಲ್ಲ" ಅಂದರು. ರಕ್ತ ಪರೀಕ್ಷೆ ಮಾಡಿಸಿದೆ. ಯಕೃತ್ತಿನ ಎಎಲ್‌ಟಿ 800 ದಾಟಿತ್ತು. ಇರಬೇಕಾದ್ದು 40ರ ಆಸುಪಾಸು. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇರಲಿಲ್ಲ. ಸ್ಕ್ಯಾನ್‌ನಲ್ಲಿ ಪಿತ್ತಕಲ್ಲೂ ಇಲ್ಲ. ಎರಡನೇ ಸಲ ಬಂದಾಗ ಮನೆಯಲ್ಲಿರುವ ಡಬ್ಬಿ, ಬಾಟಲಿ ಎಲ್ಲ ತನ್ನಿ ಅಂದೆ. ಚೀಲದಿಂದ ಅರಿಶಿನದ ಕ್ಯಾಪ್ಸೂಲ್ ಹೊರಬಂತು. ಎರಡೂವರೆ ತಿಂಗಳಿಂದ ದಿನಕ್ಕೆ ಎರಡು, ಪೈಪರಿನ್ ಸೇರಿದ್ದು. "ಇದು ಅರಿಶಿನ ಅಲ್ವಾ ಡಾಕ್ಟ್ರೇ, ಔಷಧ ಎಲ್ಲಿ?" ಅಂದರು. ಅದನ್ನೂ ಬೇರಿನ ಔಷಧವನ್ನೂ ನಿಲ್ಲಿಸಿ, ಯಕೃತ್ತಿನ ತಜ್ಞರ ಹತ್ತಿರ ಕಳಿಸಿದೆ. ಕಾಮಾಲೆ ಶುರುವಾದದ್ದು ಬೇರಿನ ಔಷಧಕ್ಕಿಂತ ಮೊದಲು, ಹಾಗಾಗಿ ತಜ್ಞರೂ ಅರಿಶಿನದ ಸಾರದ ಮೇಲೆಯೇ ಬೆರಳು ಇಟ್ಟರು. ಎರಡು ತಿಂಗಳಲ್ಲಿ ಸರಿಹೋದರು.

ಇದು ಅಪರೂಪ. ಲಕ್ಷಗಟ್ಟಲೆ ಜನ ತಿನ್ನುತ್ತಾರೆ, ಕೆಲವರಿಗೆ ಮಾತ್ರ ಹೀಗಾಗುತ್ತದೆ. ಆದರೆ ಕತೆ ಒಂದೇ ಥರ ಇರುತ್ತದೆ. ಔಷಧದಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕದ ತಂಡ ಅರಿಶಿನದಿಂದಾದ 10 ಜನರ ವಿವರ ಕೊಟ್ಟಿದೆ. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. 10ರಲ್ಲಿ 7 ಜನರಲ್ಲಿ ಒಂದೇ ಬಗೆಯ ಜೀನ್ ಇತ್ತು. ಅಂದರೆ ಯಾರಿಗೆ ಆಗುತ್ತದೆ ಅನ್ನುವುದು ಸ್ವಲ್ಪಮಟ್ಟಿಗೆ ಹುಟ್ಟಿನಿಂದ ಬಂದದ್ದಿರಬಹುದು, ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಶುರು ಮಾಡಿ ಒಂದರಿಂದ ನಾಲ್ಕು ತಿಂಗಳಲ್ಲಿ. ನಿಮ್ಮ ಅಮ್ಮ ಈಗ ಸರಿಯಾಗಿ ಆ ಅವಧಿಯಲ್ಲೇ ಇದ್ದಾರೆ. ಅದಕ್ಕೇ ಮೊದಲ ಸಾಲಿನಲ್ಲೇ ನಿಲ್ಲಿಸಿ ಅಂದದ್ದು. ಊಟ ಬೇಡವೆನಿಸುವುದು, ಸುಸ್ತು, ಮೂತ್ರದ ಬಣ್ಣ ಗಾಢವಾಗುವುದು, ತುರಿಕೆ, ಇವುಗಳಲ್ಲಿ ಒಂದಾದರೂ ಇದೆಯಾ ಅಂತ ಇವತ್ತೇ ಫೋನ್ ಮಾಡಿ ಕೇಳಿ. ಇದ್ದರೆ ಯಕೃತ್ತು ಹೇಗಿದೆ ಅಂತ ತಿಳಿಸುವ ಎಲ್‌ಎಫ್‌ಟಿ ಅನ್ನುವ ರಕ್ತ ಪರೀಕ್ಷೆ ನಾಳೆಯೇ ಆಗಲಿ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ, ಈ ಡಬ್ಬಿಗಳು ಅವರ ಕೈಗೆ ಹೋಗದಿರಲಿ. ಗ್ಲುಕೋಸಮೈನ್, ಅರಿಶಿನದ ಸಾರ ಎರಡೂ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು.

ಈಗ ಪರೀಕ್ಷೆ ಮಾಡುವ ಕ್ರಮ. ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ಅಮ್ಮ ದಿನಾ ಮಾಡುವ ಒಂದೇ ಕೆಲಸ ಆರಿಸಿಕೊಳ್ಳಿ, ತೋಟದಿಂದ ಮನೆಗೆ ಹತ್ತಿ ಬರುವುದು ಅಂತಿಟ್ಟುಕೊಳ್ಳಿ. ಹತ್ತಿ ಬಂದ ಮೇಲೆ ಮೊಣಕಾಲು ನೋವಿಗೆ ಸೊನ್ನೆಯಿಂದ 10ರೊಳಗೆ ಒಂದು ಅಂಕಿ ಆ ತಾರೀಕಿನ ಚೌಕದಲ್ಲಿ ಬರೆಯಬೇಕು. ನೋವಿನ ಮಾತ್ರೆ ನುಂಗಿದ ದಿನ ಪಕ್ಕದಲ್ಲಿ ಒಂದು ಚುಕ್ಕೆ. ಮೂರೂ ನಿಲ್ಲಿಸಿ ನಾಲ್ಕು ವಾರ ಹೀಗೆ ಬರೆಯಲಿ. ಅಂಕಿ ಏರದಿದ್ದರೆ ಆ ಡಬ್ಬಿಗಳು ಏನೂ ಮಾಡುತ್ತಿರಲಿಲ್ಲ ಅಂತ ಗೊತ್ತಾಯಿತು, ವಿಷಯ ಅಲ್ಲಿಗೆ ಮುಗಿಯಿತು. ಬಹಳಷ್ಟು ಜನರಲ್ಲಿ ಹೀಗೇ ಆಗುವುದನ್ನು ನೋಡಿದ್ದೇನೆ.

ಅಂಕಿ ನಿಜವಾಗಿ ಏರಿದರೆ, ಅಂದರೆ 4ರ ಸುತ್ತ ಇದ್ದದ್ದು ಎರಡು ವಾರ ಬಿಡದೆ 6ರ ಮೇಲೆ ನಿಂತರೆ, ಅರಿಶಿನದ ಸಾರವನ್ನು ಮಾತ್ರ ಮತ್ತೆ ನೋಡಬಹುದು. ಪೈಪರಿನ್ ಇಲ್ಲದ್ದು ಇರಲಿ. ಪೈಪರಿನ್ ಬದಲು ಬೇರೆ ರೀತಿಯಲ್ಲಿ ರಕ್ತಕ್ಕೆ ಬೇಗ ಸೇರುವಂತೆ ಮಾಡಿದ್ದೇವೆ ಅಂತ ಬರೆದಿರುವುದೂ ಬೇಡ. ಶುರು ಮಾಡುವ ಮೊದಲು ಒಂದು ಎಲ್‌ಎಫ್‌ಟಿ, ಆರು ವಾರಕ್ಕೆ ಇನ್ನೊಂದು. ಹನ್ನೆರಡು ವಾರ ಆದ ಮೇಲೆ ನಿಲ್ಲಿಸಿ, ಮತ್ತೆ ಕ್ಯಾಲೆಂಡರ್ ನೋಡಿ. ಕೊಯ್ಲಿನ ತಿಂಗಳಲ್ಲಿ ಶುರು ಮಾಡಿ ಬೇಸಿಗೆಯಲ್ಲಿ ಮುಗಿಸಬೇಡಿ, ಮತ್ತೆ ಅದೇ ಮೋಸ ಆಗುತ್ತದೆ. ಏಪ್ರಿಲ್, ಮೇ ಥರ ಕೆಲಸ ಒಂದೇ ಸಮ ಇರುವ ದಿನಗಳು ಒಳ್ಳೆಯವು. ಯಕೃತ್ತಿನ ತೊಂದರೆ, ಪಿತ್ತಕೋಶದ ಕಲ್ಲು ಮೊದಲೇ ಇದ್ದವರಿಗೆ ಈ ಪ್ರಯೋಗವೇ ಬೇಡ.

ಒಂದು ಮಾತು ಕೇಳುವುದು ಉಳಿಯಿತು. ಬೆಳಿಗ್ಗೆ ಎದ್ದಾಗ ಕೈಬೆರಳಿನ ಗಂಟುಗಳೂ ಊದಿಕೊಂಡು, ಒಂದು ಗಂಟೆಗಿಂತ ಜಾಸ್ತಿ ಹೊತ್ತು ಬಿಗಿಯಾಗಿರುತ್ತವಾ? ಹಾಗಿದ್ದರೆ ಅದು ಬರೀ ಸವಕಳಿ ಇರಲಿಕ್ಕಿಲ್ಲ. ರುಮಟಾಯ್ಡ್ ಸಂಧಿವಾತ ಇರಬಹುದು, ಅದರ ದಾರಿಯೇ ಬೇರೆ. ತಡ ಮಾಡದೆ ತೋರಿಸಿ.

ಉಳಿಯುವ ದುಡ್ಡಿನಲ್ಲಿ ಎರಡು ಕೆಲಸ ಮಾಡಿಸಿ. ಡೈಕ್ಲೋಫೆನಾಕ್ ಮುಲಾಮು ದಿನಕ್ಕೆ ಮೂರು ನಾಲ್ಕು ಸಲ ಮೊಣಕಾಲಿಗೆ ಹಚ್ಚಲಿ. ಮಾತ್ರೆಗೆ ಹೋಲಿಸಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಬಿಪಿ ಇರುವವರಿಗೆ ಆ ಮಾತ್ರೆಗಿಂತ ಇದು ಎಷ್ಟೋ ವಾಸಿ. ಇನ್ನೊಂದು, ತೊಡೆಯ ಮುಂಭಾಗದ ಸ್ನಾಯುವಿಗೆ ವ್ಯಾಯಾಮ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ ಐದು ಎಣಿಸುವವರೆಗೆ ಹಿಡಿಯುವುದು, ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಎರಡು ವಾರದ ಮೇಲೆ ಪಾದಕ್ಕೆ ಅರ್ಧ ಕೆಜಿ ಅಕ್ಕಿಯ ಚೀಲ ಕಟ್ಟಿಕೊಳ್ಳಬಹುದು. ತೂಕ ಜಾಸ್ತಿ ಇದ್ದರೆ ಒಂದು ಕೆಜಿ ಇಳಿದರೂ, ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕೆಜಿ ಹೊರೆ ಇಳಿಯುತ್ತದೆ.

ಆಮೇಲೆ ಆ ಮೆಟ್ಟುಗತ್ತಿ. ಕುರ್ಚಿಯ ಎತ್ತರಕ್ಕೆ ಕೂತು ಸುಲಿಯುವ ಹಾಗೆ, ಕತ್ತಿಯನ್ನು ಎತ್ತರದ ಮಣೆಗೆ ಕೂರಿಸಿಕೊಡಲು ನಿಮ್ಮೂರಿನ ಬಡಗಿಗೆ ಒಂದು ದಿನದ ಕೆಲಸ. ಕಳೆದ ವರ್ಷ ಹಾಗೆ ಮಾಡಿಸಿಕೊಂಡ ಒಬ್ಬ ಅಜ್ಜಿ ಈ ಸಲ ಸುಲಿತದ ದಿನಗಳಲ್ಲೂ ಕ್ಯಾಲೆಂಡರ್‌ನಲ್ಲಿ 5 ದಾಟಿಲ್ಲ. ಮುಂದಿನ ಕೊಯ್ಲಿಗೆ ಇನ್ನೂ ಎಂಟು ತಿಂಗಳು ಇದೆ.